ಮಳೆಗಾಲದ ಸ್ಪೆಷಲ್ ಮೆನು ರೀಲ್: ಮೊದಲ ಸಾಲು ಎಂತ ಬರೆಯೋದು?

ತುಂಗಾತೀರ
ಶಿವಮೊಗ್ಗದಲ್ಲಿ ಸಾಗರ ರಸ್ತೆ ಕಡೆ ಒಂದು ಹೋಟೆಲಿಗೆ ರೀಲ್ ಮಾಡಿಕೊಡ್ತಿದ್ದೇನೆ. ಮಳೆಗಾಲದ ಮೆನು ಪತ್ರೊಡೆ, ಕಳಲೆ ಪಲ್ಯ ಮತ್ತು ಅಕ್ಕಿ ರೊಟ್ಟಿ, ಅರಿಶಿನ ಎಲೆ ಕಡುಬು, ಹುರುಳಿ ಕಟ್ಟಿನ ಸಾರು, ಕಾಳುಮೆಣಸಿನ ಕಷಾಯ. ವಿಡಿಯೋ 24 ಸೆಕೆಂಡ್. ಈಗಿರೋ ಕ್ರಮ ಹೀಗಿದೆ: ಮೊದಲು ಹಂಚಿನ ಮೇಲೆ ಮಳೆ ಸುರಿಯೋ ಶಾಟ್ 4 ಸೆಕೆಂಡ್, ಆಮೇಲೆ ಬೋರ್ಡು, ಆಮೇಲೆ ಐದೂ ತಿಂಡಿಯ ಶಾಟ್, ಕೊನೆಗೆ ಮಾಲೀಕರು ಕೈ ಮುಗಿದು "ಎಲ್ಲರೂ ಬನ್ನಿ" ಅನ್ನೋದು.

ಸ್ಕ್ರೀನ್ ಮೇಲೆ ಬರೆದಿರೋದು: "ಮಳೆಗಾಲ ಬಂತು! ಬಿಸಿ ಬಿಸಿ ಮಲೆನಾಡ ರುಚಿ ಸವಿಯಲು ಬನ್ನಿ". ಕ್ಯಾಪ್ಷನ್ನೂ ಹೆಚ್ಚುಕಮ್ಮಿ ಅದೇ. ಓದಿದ್ರೆ ತಪ್ಪೇನಿಲ್ಲ, ಆದರೆ ಯಾರೂ ನಿಂತು ನೋಡ್ತಾರೆ ಅನ್ನಿಸ್ತಿಲ್ಲ. ಜುಲೈ ಮೂರನೇ ವಾರ ಹಾಕೋದು. ಹುಕ್ ಮತ್ತು ಕ್ಯಾಪ್ಷನ್ ಹೇಗೆ ತಿದ್ದೋದು ಹೇಳಿ.

ಕಾಫಿಗಿಡ
ಅಣಬೆ ಯಾಕಿಲ್ಲ ಮೆನುವಲ್ಲಿ? ಮಳೆಗಾಲ ಅಂದ್ರೆ ಅಣಬೆ ಸಾರು ಬೇಕೇ ಬೇಕು. ಏಡಿ ಸಾರೂ ಹಾಕಿ.

ತುಂಗಾತೀರ
@ಕಾಫಿಗಿಡ ಮೆನು ಅಡುಗೆಯವರು ಆಗಲೇ ಮುಗಿಸಿದ್ದಾರೆ. ನಾನು ಕೇಳ್ತಿರೋದು ವಿಡಿಯೋದ ಬರವಣಿಗೆ.

ಅಕ್ಷರಮನೆ
ಮೊದಲು ಒಂದು ವಿಷಯ ತೀರ್ಮಾನ ಮಾಡಿ. ಈ ರೀಲ್ ಯಾರಿಗೆ? ಶಿವಮೊಗ್ಗದವರು ಸಂಜೆ ಮನೆಯಿಂದ ಹೊರಟು ಬರಬೇಕಾ, ಅಥವಾ ಶನಿವಾರ ಭಾನುವಾರ ಜೋಗಕ್ಕೆ ಹೋಗೋ ಬೆಂಗಳೂರಿನವರು ದಾರಿಯಲ್ಲಿ ನಿಲ್ಲಿಸಬೇಕಾ? ಎರಡಕ್ಕೂ ಒಂದೇ ಹುಕ್ ಆಗಲ್ಲ.

ಊರಿನವರಿಗೆ ಮಳೆ ಸುದ್ದಿಯಲ್ಲ. ಕಿಟಕಿ ತೆಗೆದರೆ ಅದೇ ಕಾಣ್ತದೆ, ಹಾಗಾಗಿ ಹಂಚಿನ ಮೇಲಿನ ಮಳೆ ನೋಡಿ ಅವರ ಹೆಬ್ಬೆರಳು ನಿಲ್ಲಲ್ಲ. ನಿಮ್ಮ ಮೊದಲ 4 ಸೆಕೆಂಡ್ ಪೂರ್ತಿ ಅಲ್ಲೇ ಹೋಯ್ತು. ಬೆಂಗಳೂರಿನವರಿಗೆ ಆ ಶಾಟ್ ಸ್ವಲ್ಪ ಕೆಲಸ ಮಾಡಬಹುದು, ಆದರೆ ಅವರ ಫೀಡಲ್ಲಿ ಜುಲೈಯಲ್ಲಿ ಮಲೆನಾಡಿನ ಮಳೆ ಶಾಟ್ ಇಲ್ಲದ ರೀಲ್ ಅಪರೂಪ.

ಎರಡನೇದು, "ಮಳೆಗಾಲ ಬಂತು, ಬಿಸಿ ಬಿಸಿ ರುಚಿ" ಅನ್ನೋ ಸಾಲನ್ನು ಬೋಂಡಾ ಗಾಡಿಗೂ ಹಾಕಬಹುದು, ಟೀ ಪುಡಿಗೂ ಹಾಕಬಹುದು. ಅಂಗಡಿ ಬದಲಾಯಿಸಿದರೂ ಸಾಲು ಹಾಗೇ ನಿಲ್ಲುತ್ತೆ ಅಂದ್ರೆ ಅದು ಹುಕ್ ಅಲ್ಲ. ಐದು ತಿಂಡಿಯಲ್ಲಿ ಒಂದನ್ನು ಆರಿಸಿ, ಆ ತಿಂಡಿಗೆ ಮಾತ್ರ ಅನ್ವಯಿಸೋ ಒಂದು ಸಂಗತಿ ಹೇಳಿ.

ರೀಲ್‌ರಾಜ_ಭದ್ರಾವತಿ
ತುಂಬಾ ತಲೆ ಕೆಡಿಸ್ಕೋಬೇಡಿ ಗುರು. ಆರಿದ್ರಾ ಮಳೆ ಅಂತ ಹಾಕಿ, ಹಳ್ಳಿ ಟಚ್ ಬರುತ್ತೆ. "ಆರಿದ್ರಾ ಮಳೆಗೆ ಪತ್ರೊಡೆ". ಕ್ಯಾಪ್ಷನಲ್ಲಿ ಹ್ಯಾಶ್‌ಟ್ಯಾಗ್ ತುಂಬಿ. ಟ್ರೆಂಡಿಂಗಲ್ಲಿರೋ ಸಿನಿಮಾ ಮಳೆ ಹಾಡು ಹಾಕಿ. ರೀಚ್ ತಾನಾಗೇ ಬರುತ್ತೆ.

ಗದ್ದೆಬದು
ಆರಿದ್ರಾ ಜುಲೈ 5ರ ಹೊತ್ತಿಗೆ ಮುಗಿದಿರುತ್ತೆ ಮಾರಾಯ್ರೆ. ಆಮೇಲೆ ಪುನರ್ವಸು, ಜುಲೈ 20ರ ಆಸುಪಾಸಿಗೆ ಪುಷ್ಯ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ಮೂರನೇ ವಾರ ಆರಿದ್ರಾ ಅಂತ ಹಾಕಿದ್ರೆ ತೀರ್ಥಹಳ್ಳಿ, ಹೊಸನಗರದ ರೈತರೆಲ್ಲ ಕಮೆಂಟಲ್ಲಿ ತಿದ್ದೋದಕ್ಕೇ ಬರ್ತಾರೆ.

ಅಕ್ಷರಮನೆ
@ಗದ್ದೆಬದು ಸರಿ. ಇನ್ನೊಂದು ತೊಂದರೆ ಇದೆ. ರೀಲ್ ಹಾಕಿದ ದಿನವೇ ಎಲ್ಲರಿಗೂ ತಲುಪಲ್ಲ, ವಾರಗಟ್ಟಲೆ ಹೊಸಬರಿಗೆ ಹೋಗ್ತಾ ಇರುತ್ತೆ. ಪುಷ್ಯ ಅಂತ ವಿಡಿಯೋ ಮೇಲೆ ಬರೆದರೆ ಆಶ್ಲೇಷದಲ್ಲಿ ನೋಡಿದವರಿಗೆ ಹಳೆಯದು ಅನ್ನಿಸುತ್ತೆ. ಪೋಸ್ಟ್ ಮಾಡಿದ ಮೇಲೆ ಕ್ಯಾಪ್ಷನ್ ತಿದ್ದಬಹುದು, ವಿಡಿಯೋದ ಒಳಗಿನ ಅಕ್ಷರ ತಿದ್ದೋಕಾಗಲ್ಲ. ಹಾಗಾಗಿ ಮಳೆ ನಕ್ಷತ್ರ, ರೇಟು, ದಿನಾಂಕ, ಇವತ್ತು ಯಾವ ತಿಂಡಿ ಅನ್ನೋದೆಲ್ಲ ಕ್ಯಾಪ್ಷನಿಗೆ. ನಕ್ಷತ್ರದ ಹೆಸರು ಸ್ಟೋರಿಗೆ ಇನ್ನೂ ಚೆನ್ನಾಗಿ ಹೊಂದುತ್ತೆ, 24 ಗಂಟೆಗೆ ಅದು ತಾನೇ ಹೋಗುತ್ತೆ.

@ರೀಲ್‌ರಾಜ_ಭದ್ರಾವತಿ ಸಿನಿಮಾ ಹಾಡು ಬೇಡ. ಹೋಟೆಲ್ ಖಾತೆ ಬಿಸಿನೆಸ್ ಖಾತೆ ಆಗಿದ್ರೆ ಆ ಹಾಡುಗಳು ಹುಡುಕಿದ್ರೂ ಸಿಗೋದು ಕಮ್ಮಿ. ಎಡಿಟಿಂಗಲ್ಲೇ ಸೇರಿಸಿ ಹಾಕಿದರೆ ಆಡಿಯೋ ಮ್ಯೂಟ್ ಆಗುವ ಸಾಧ್ಯತೆ ಇದೆ, ಯಾಕಂದ್ರೆ ವ್ಯಾಪಾರಕ್ಕೆ ಬಳಸೋ ಹಕ್ಕು ಬೇರೆ. ಹ್ಯಾಶ್‌ಟ್ಯಾಗ್ ಊರು ಮತ್ತು ತಿಂಡಿ ಹೆಸರಿನವು ಮೂರು ನಾಲ್ಕು ಸಾಕು. ಅದಕ್ಕಿಂತ ಲೊಕೇಶನ್ ಟ್ಯಾಗ್ ಮರೀಬೇಡಿ.

ರೀಲ್‌ರಾಜ_ಭದ್ರಾವತಿ
ಹಾಡಿನ ವಿಷಯ ಒಪ್ಪಿದೆ. ಆದ್ರೆ ಹಾಡಿಲ್ಲದೆ ರೀಲ್ ಓಡಲ್ಲ ಅನ್ನೋದು ನನ್ನ ಅಭಿಪ್ರಾಯ.

ಒಲೆಮುಂದೆ
ಹೋಟೆಲ್ ಅಡುಗೆಮನೆಯ ಕಡೆಯಿಂದ ಹೇಳ್ತೇನೆ. ಪತ್ರೊಡೆ ವಿಷಯದಲ್ಲಿ ಜನ ಕೇಳೋ ಮೊದಲ ಪ್ರಶ್ನೆ "ಬಾಯಿ ತುರಿಸುತ್ತಾ?" ಅಂತ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು ಇರುತ್ತೆ, ತುರಿಕೆ ಅದರದ್ದು. ಹಿಟ್ಟಿಗೆ ಹುಣಸೆಹುಳಿ ಗಟ್ಟಿಯಾಗಿ ಹಾಕಿ, ಸುತ್ತಿದ ಉಂಡೆಯನ್ನು ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿದ್ರೆ ತೊಂದರೆ ಇಲ್ಲ. ಹುಳಿ ಕಮ್ಮಿ ಮಾಡಿದವರದ್ದು, ಅರ್ಧ ಬೇಯಿಸಿ ಇಳಿಸಿದವರದ್ದು ತುರಿಸುತ್ತೆ. ಇದನ್ನೇ ಹುಕ್ ಮಾಡಿ: "ಪತ್ರೊಡೆ ತಿಂದ್ರೆ ಬಾಯಿ ತುರಿಸುತ್ತಾ?"

ಕಳಲೆಗೂ ಇಂಥದ್ದೇ ಒಂದು ಸಂಗತಿ ಇದೆ. ಹೆಚ್ಚಿ ಎರಡು ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಲೇಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತೆ, ಕಹಿಯೂ ಹೌದು. "ಈ ಕಳಲೆ ಮೂರು ದಿನ ನೀರಲ್ಲಿತ್ತು" ಅಂತ ಬರೆದು, ನೀರಿಂದ ಎತ್ತೋ ಶಾಟ್ ತೋರಿಸಿ.

ಶೆಟ್ಟರಂಗಡಿ
ತಿಂಡಿ ಜಾಹೀರಾತಿನಲ್ಲಿ "ತುರಿಸುತ್ತಾ" ಅಂತ ಹಾಕೋದಾ? ಹಸಿವೆಯೇ ಹೋಗುತ್ತೆ. ಪತ್ರೊಡೆ ಗೊತ್ತಿಲ್ಲದ ಪ್ರವಾಸಿಗ ಅದನ್ನ ಓದಿದ್ರೆ ಬೇರೆ ಹೋಟೆಲಿಗೆ ಹೋಗಿ ದೋಸೆ ತಿಂತಾನೆ.

ಒಲೆಮುಂದೆ
ಗೊತ್ತಿಲ್ಲದವನಿಗೆ ಬೇಡ, ನಿಜ. ಆದರೆ ಶಿವಮೊಗ್ಗ, ಸಾಗರ, ಸೊರಬದ ಕಡೆಯವರಿಗೆ ಆ ಪ್ರಶ್ನೆ ಮನಸ್ಸಲ್ಲಿ ಆಗಲೇ ಇರುತ್ತೆ. ಹೊರಗಡೆ ಪತ್ರೊಡೆ ತಿನ್ನೋಕೆ ಹಿಂದೆಮುಂದೆ ನೋಡೋದೇ ಅದಕ್ಕೆ. ಇರೋ ಅನುಮಾನಕ್ಕೆ ಉತ್ತರ ಕೊಟ್ಟರೆ ನಂಬಿಕೆ ಬರುತ್ತೆ ಅಕ್ಕಾ.

ಅಕ್ಷರಮನೆ
ಇಬ್ಬರದ್ದೂ ಅರ್ಧರ್ಧ ಸರಿ, ಅದಕ್ಕೇ ಯಾರಿಗೆ ಅಂತ ಮೊದಲು ಕೇಳಿದ್ದು. ಊರಿನವರಿಗೆ ಆದರೆ ತುರಿಕೆ ಪ್ರಶ್ನೆ ನಡೆಯುತ್ತೆ. ಒಂದು ಷರತ್ತು: ಪ್ರಶ್ನೆ ಕೇಳಿದ ಮೇಲೆ ಉತ್ತರ ವಿಡಿಯೋ ಒಳಗೇ ಬರಬೇಕು, ಅದೂ ಮೊದಲ 8 ಸೆಕೆಂಡ್ ಒಳಗೆ. "ಉತ್ತರಕ್ಕೆ ಕ್ಯಾಪ್ಷನ್ ನೋಡಿ" ಅಂದ್ರೆ ಮುಕ್ಕಾಲು ಪಾಲು ಜನ ತುರಿಕೆಯ ನೆನಪು ಇಟ್ಟುಕೊಂಡು ಮುಂದೆ ಹೋಗ್ತಾರೆ, ಉತ್ತರ ಸಿಗಲ್ಲ. ಆಗ ಅದು ಹೋಟೆಲಿಗೆ ನಷ್ಟ.

ತುಂಗಾತೀರ
ಊರಿನವರಿಗೆ ಅಂತ ಇಟ್ಕೊಳ್ಳೋಣ. ವಾರದ ದಿನ ಸಂಜೆ ಟೇಬಲ್ ಖಾಲಿ ಇರೋದೇ ಮಾಲೀಕರ ಚಿಂತೆ. ಪತ್ರೊಡೆ ಶಾಟ್ ಇಷ್ಟಿವೆ: ಎಲೆಯ ಹಿಂಭಾಗಕ್ಕೆ ಹಿಟ್ಟು ಸವರೋದು, ಸುತ್ತೋದು, ಹಬೆ ಪಾತ್ರೆಯ ಮುಚ್ಚಳ ತೆಗೆಯೋದು, ಚಾಕುವಲ್ಲಿ ಬಿಲ್ಲೆ ಮಾಡೋದು, ಕಾವಲಿ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸೋದು.

ಅಕ್ಷರಮನೆ
ಇಷ್ಟಿದ್ರೆ ಧಾರಾಳ. ಹೀಗೆ ಜೋಡಿಸಿ ನೋಡಿ. 24 ಸೆಕೆಂಡನ್ನು 18ಕ್ಕೆ ಇಳಿಸಿ.

0–3 ಸೆಕೆಂಡ್: ಎಲೆಗೆ ಹಿಟ್ಟು ಸವರೋ ಕೈ, ಹತ್ತಿರದಿಂದ. ಮೇಲೆ: "ಪತ್ರೊಡೆ ತಿಂದ್ರೆ / ಬಾಯಿ ತುರಿಸುತ್ತಾ?" ಎರಡು ಸಾಲು, ನಾಲ್ಕು ಪದ.
3–6: ಹಿಟ್ಟಿಗೆ ಹುಣಸೆ ರಸ ಬೀಳೋದು. ಮೇಲೆ: "ಹುಳಿ ಸರಿಯಾಗಿ ಬಿದ್ದಿದ್ರೆ…" ಈ ಶಾಟ್ ನಿಮ್ಮ ಪಟ್ಟಿಯಲ್ಲಿಲ್ಲ, ತೆಗೀಬೇಕು.
6–9: ಹಬೆ ಪಾತ್ರೆಯ ಮುಚ್ಚಳ ತೆಗೆಯೋದು. "…ಮುಕ್ಕಾಲು ಗಂಟೆ ಬೆಂದಿದ್ರೆ, ಇಲ್ಲ."
9–14: ಬಿಲ್ಲೆ ಮಾಡೋದು, ಕಾವಲಿ. ಇಲ್ಲಿ ಅಕ್ಷರವೇ ಬೇಡ, ಚಾಕುವಿನ ಸದ್ದು ಮತ್ತು ಎಣ್ಣೆಯ ಸದ್ದು ಬಿಡಿ.
14–18: ತಟ್ಟೆ. ಹೋಟೆಲ್ ಹೆಸರು, ಸಾಗರ ರಸ್ತೆ, ಶಿವಮೊಗ್ಗ.

ಉಳಿದ ನಾಲ್ಕು ತಿಂಡಿಗೆ ಬೇರೆ ರೀಲ್. ಕಳಲೆಗೆ ಒಲೆಮುಂದೆ ಅವರ ಸಾಲು ಹಾಗೇ ಬಳಸಬಹುದು, ಅಡುಗೆಮನೆಯಲ್ಲಿ ನಿಜವಾಗಿ ಮೂರು ದಿನ ನೆನೆಸ್ತಿದ್ರೆ ಮಾತ್ರ. ಎರಡು ದಿನ ಆದ್ರೆ ಎರಡು ಅಂತಲೇ ಬರೀರಿ.

ನಾಲ್ಕು ಪದ ಯಾಕೆ ಅಂದ್ರೆ ಕನ್ನಡದ ಪದ ಉದ್ದ. ಹುಕ್ ಸಾಲನ್ನು ಮಾಮೂಲಿ ವೇಗದಲ್ಲಿ ಬಾಯಿಬಿಟ್ಟು ಎರಡು ಸಲ ಓದಿ. ಎರಡನೇ ಸಲ ಮುಗಿಯೋದರೊಳಗೆ ಅಕ್ಷರ ಮಾಯವಾದ್ರೆ ಸಾಲು ಉದ್ದವಾಯ್ತು. "ಸವಿಯಲು ಬನ್ನಿ" ಥರದ ಗ್ರಂಥಸ್ಥ ಮಾತು ಮೊದಲ ಸಾಲಿಗೆ ಬೇಡ. ಅದನ್ನು ಓದಿದ ಕೂಡಲೇ ಜಾಹೀರಾತು ಅಂತ ಗೊತ್ತಾಗುತ್ತೆ.

ಶೆಟ್ಟರಂಗಡಿ
ಕೊಬ್ಬರಿ ಎಣ್ಣೆಯಲ್ಲಿ ಕಾಯಿಸೋದು ಕರಾವಳಿ ಕಡೆಯದಲ್ವಾ? ನಮ್ಮಲ್ಲಿ ಎಲೆ ಹೆಚ್ಚಿ ಹಿಟ್ಟಿಗೇ ಸೇರಿಸಿ ಬೇಯಿಸಿ, ಆಮೇಲೆ ಒಗ್ಗರಣೆ ಹಾಕ್ತಾರೆ.

ಗದ್ದೆಬದು
ಎರಡೂ ಇದೆ. ಘಟ್ಟ ಹತ್ತಿ ಇಳಿಯೋ ಜನ ಇರೋವಾಗ ತಿಂಡಿಗೆ ಎಂತ ಗಡಿ.

ಲಿಪಿಕಾರ
ಅಕ್ಷರದ ಬಗ್ಗೆ ಯಾರೂ ಹೇಳಿಲ್ಲ, ಕನ್ನಡ ರೀಲ್ ಕೆಡೋದು ಹೆಚ್ಚಾಗಿ ಅಲ್ಲೇ. "ಪತ್ರೊಡೆ ತಿಂದ್ರೆ" ಎರಡರಲ್ಲೂ ಕೆಳಗೆ ಒತ್ತು ಇದೆ. ಎಡಿಟಿಂಗ್ ಆಪ್‌ಗಳಲ್ಲಿ ಸಾಲಿನ ಅಂತರ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿರುತ್ತಾರೆ. ಎರಡು ಸಾಲು ಹಾಕಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತೆ. ಹಿಂದೆ ಬಣ್ಣದ ಪಟ್ಟಿ ಹಾಕಿದ್ರೆ ಒತ್ತು ಅರ್ಧ ಕತ್ತರಿಸಿ ಹೋಗುತ್ತೆ. ಸಾಲಿನ ಅಂತರ ಹೆಚ್ಚಿಸಿ, ಇಲ್ಲಾಂದ್ರೆ ಒಂದೊಂದು ಸಾಲನ್ನು ಬೇರೆ ಬೇರೆ ಟೆಕ್ಸ್ಟ್ ಆಗಿ ಇಡಿ.

ನುಡಿಯಲ್ಲಿ ಹಳೆಯ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಬೇಡಿ, ಕಲಸುಮೇಲೋಗರ ಆಗುತ್ತೆ. ಯೂನಿಕೋಡಲ್ಲೇ ಟೈಪ್ ಮಾಡಿ, ಬಾಲೂ ತಮ್ಮ ಅಥವಾ ನೋಟೋ ಸಾನ್ಸ್ ಕನ್ನಡ ಥರದ ದಪ್ಪ ಫಾಂಟ್ ಹಾಕಿ.

ಜಾಗದ ವಿಷಯ: 1080 × 1920 ಚೌಕಟ್ಟಿನಲ್ಲಿ ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಡಿ, ಅಲ್ಲಿ ಖಾತೆ ಹೆಸರು, ಕ್ಯಾಪ್ಷನ್, ಬಟನ್‌ಗಳು ಕೂರುತ್ತವೆ. ಮೇಲೆ ಸುಮಾರು 270 ಪಿಕ್ಸೆಲ್ ಬಿಡಿ. ಹೋಟೆಲ್ ಹೆಸರನ್ನು ತೀರಾ ಕೆಳಗೆ ಇಟ್ಟು ಮುಚ್ಚಿ ಹೋಗಿರೋ ರೀಲ್‌ಗಳು ಬೇಕಾದಷ್ಟಿವೆ.

ರೀಲ್‌ರಾಜ_ಭದ್ರಾವತಿ
ಕ್ಯಾಪ್ಷನ್ 125 ಅಕ್ಷರದ ಒಳಗೆ ಇರಬೇಕು, ಅದಕ್ಕಿಂತ ಜಾಸ್ತಿ ಆದ್ರೆ ಕಾಣಲ್ಲ. ಇದು ಗ್ಯಾರಂಟಿ.

ಲಿಪಿಕಾರ
ಆ 125ರ ಲೆಕ್ಕ ಫೀಡ್ ಪೋಸ್ಟಿಗೆ ಹೇಳೋದು. ರೀಲ್ ನೋಡೋವಾಗ ಕಾಣೋದು ಹೆಚ್ಚುಕಮ್ಮಿ ಮೊದಲ ಸಾಲಷ್ಟೇ, ಒತ್ತಿದ್ರೆ ಉಳಿದದ್ದು ತೆರೆಯುತ್ತೆ. ಕನ್ನಡದಲ್ಲಿ ಎಣಿಕೆಯೂ ಬೇರೆ. "ಪತ್ರೊಡೆ" ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಏಳು. ಸಂಖ್ಯೆ ಹಿಡಿದು ಕೂರೋದಕ್ಕಿಂತ ಬೇರೆ ಫೋನಲ್ಲಿ ತೆರೆದು ಮೊದಲ ಸಾಲು ಎಲ್ಲಿ ತುಂಡಾಗುತ್ತೆ ಅಂತ ನೋಡಿ. ಉದ್ದಕ್ಕೆ ಬರೀಬಹುದು, ಮೊದಲ ನಾಲ್ಕೈದು ಪದಗಳಲ್ಲಿ ವಿಷಯ ಇರಬೇಕು ಅಷ್ಟೆ.

ಆಗುಂಬೆಹಾದಿ
ನಮ್ಮದು ಆಗುಂಬೆ ಹತ್ತಿರ ಹೋಂಸ್ಟೇ. ಇದೇ ಥರ "ಬಾಯಿ ತುರಿಸುತ್ತಾ" ಅಂತ ನಾವೂ ಹಾಕಬಹುದಾ? ನಮ್ಮಲ್ಲೂ ಪತ್ರೊಡೆ ಇದೆ.

ಅಕ್ಷರಮನೆ
ನಿಮಗೆ ಬೇಡ. ನಿಮ್ಮವರು ಬರೋದು ದೂರದಿಂದ, ಮೊದಲೇ ಬುಕ್ ಮಾಡಿಕೊಂಡು. ಅವರಿಗೆ ಒಂದು ತಟ್ಟೆ ತಿಂಡಿಗಿಂತ ಮಳೆಯಲ್ಲಿ ಒಂದು ದಿನ ಹೇಗೆ ಹೋಗುತ್ತೆ ಅನ್ನೋದು ಮುಖ್ಯ. ಬೆಳಿಗ್ಗೆ ಏನು ಕೊಡ್ತೀರಿ, ಮಳೆ ಬಿಡದಿದ್ರೆ ಎಲ್ಲಿ ಕೂರೋದು, ಕರೆಂಟ್ ಹೋದ್ರೆ ಏನು ವ್ಯವಸ್ಥೆ, ಇಂಥದ್ದರಿಂದ ಹುಕ್ ತೆಗೀರಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿದ್ರೆ ಒಳ್ಳೇದು.

ತುಂಗಾತೀರ
ಕ್ಯಾಪ್ಷನ್ ಹೀಗೆ ಬರೆದೆ, ನೋಡಿ:

"ಪತ್ರೊಡೆ ತಿಂದ್ರೆ ಬಾಯಿ ತುರಿಸುತ್ತಾ? ನಮ್ಮಲ್ಲಿ ಇಲ್ಲ! ಮಲೆನಾಡಿನ ಸಾಂಪ್ರದಾಯಿಕ ಮಳೆಗಾಲದ ಸ್ಪೆಷಲ್ ಮೆನು ಈಗ ಲಭ್ಯ. ಶೀತ ಕೆಮ್ಮಿಗೆ ರಾಮಬಾಣ ಕಾಳುಮೆಣಸಿನ ಕಷಾಯ. ಇಂದೇ ಭೇಟಿ ಕೊಡಿ. ಲಿಂಕ್ ಇಲ್ಲಿದೆ."

ಶೆಟ್ಟರಂಗಡಿ
"ರಾಮಬಾಣ" ತೆಗೀರಿ ತಮ್ಮಾ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮದಲ್ಲಿ, ತಿಂಡಿ ಪಾನೀಯ ಕಾಯಿಲೆ ಗುಣ ಮಾಡುತ್ತೆ ಅಂತ ಹೇಳೋ ಹಾಗಿಲ್ಲ. "ಕಾಳುಮೆಣಸು, ಜೀರಿಗೆ, ಬೆಲ್ಲದ ಬಿಸಿ ಕಷಾಯ" ಅಂದ್ರೆ ಸಾಕು, ಕುಡಿಯೋರಿಗೆ ಉಳಿದದ್ದು ಗೊತ್ತು.

ಅಕ್ಷರಮನೆ
ಕ್ಯಾಪ್ಷನಿನ ಮೊದಲ ಸಾಲು ವಿಡಿಯೋದ ಮೇಲಿನ ಸಾಲನ್ನೇ ಮತ್ತೆ ಹೇಳ್ತಿದೆ. ಎರಡೂ ಒಂದೇ ಪರದೆಯಲ್ಲಿ ಒಟ್ಟಿಗೆ ಕಾಣ್ತವೆ. ಇರೋ ಒಂದು ಸಾಲು ವ್ಯರ್ಥ ಆಯ್ತು. ವಿಡಿಯೋ "ತಿನ್ನಬಹುದಾ" ಅನ್ನೋದಕ್ಕೆ ಉತ್ತರ ಕೊಡ್ತಿದ್ರೆ, ಕ್ಯಾಪ್ಷನ್ "ಯಾವಾಗ, ಎಲ್ಲಿ, ಎಷ್ಟು" ಅನ್ನೋದಕ್ಕೆ ಕೊಡ್ಲಿ. ಕ್ಯಾಪ್ಷನಲ್ಲಿ ಹಾಕಿದ ಲಿಂಕ್ ಒತ್ತಿದ್ರೆ ತೆರೆಯಲ್ಲ, ಅದನ್ನು ಪ್ರೊಫೈಲಲ್ಲಿ ಹಾಕಿ.

ಮತ್ತೆ ಇನ್ನೊಂದು ವಿಷಯ. ಜುಲೈಯಲ್ಲಿ ನಮ್ಮವರು ಸಂಜೆ ಹೊರಡದೆ ಇರೋದಕ್ಕೆ ಕಾರಣ ತಿಂಡಿ ಇಷ್ಟ ಇಲ್ಲ ಅಂತಲ್ಲ. ನೆನೀಬೇಕು, ಗಾಡಿ ಎಲ್ಲಿ ನಿಲ್ಲಿಸೋದು, ಹೋದ ಮೇಲೆ ಖಾಲಿ ಅಂದ್ರೆ ಎಂತ ಮಾಡೋದು, ಇವೇ. ಅದಕ್ಕೆ ಒಂದು ಸಾಲು ಕೊಟ್ಟರೆ ಹತ್ತು ವಿಶೇಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತೆ. ನಾನಾದ್ರೆ ಹೀಗೆ ಬರೀತೇನೆ, ಸಮಯ, ರೇಟು ನಿಮ್ಮ ಹೋಟೆಲಿನದ್ದು ಹಾಕ್ಕೊಳ್ಳಿ:

"ಪತ್ರೊಡೆ ಸಂಜೆ 4ಕ್ಕೆ ಇಳಿಯುತ್ತೆ, ಮುಗಿಯೋವರೆಗೆ ಮಾತ್ರ.
ತಟ್ಟೆಗೆ 60 ರೂಪಾಯಿ. ಫೋನ್ ಮಾಡಿದ್ರೆ ಎತ್ತಿಡ್ತೇವೆ, ಪಾರ್ಸೆಲ್ ಉಂಟು.
ಬೈಕ್ ಕಾರು ನಿಲ್ಲಿಸೋಕೆ ಶೀಟಿನ ಅಡಿ ಜಾಗ ಇದೆ, ನೆನೆಯದೆ ಒಳಗೆ ಬರಬಹುದು.
ಈ ವಾರ ಕಳಲೆ ಪಲ್ಯವೂ ಇದೆ, ಅಕ್ಕಿ ರೊಟ್ಟಿ ಜೊತೆ.
ಸಾಗರ ರಸ್ತೆ, ಶಿವಮೊಗ್ಗ. ಸೋಮವಾರ ರಜೆ."

ಕಳಲೆ ಮುಗಿದ ದಿನ ನಾಲ್ಕನೇ ಸಾಲು ಅಳಿಸಿ. ಅಳಿಸದೆ ಬಿಟ್ಟರೆ, ಅದಕ್ಕೇ ಅಂತ ಭದ್ರಾವತಿಯಿಂದ ಮಳೆಯಲ್ಲಿ ಬಂದವರು ಗೂಗಲ್ ರಿವ್ಯೂನಲ್ಲಿ ಬರೀತಾರೆ.

ಸೊರಬದ_ಸಂಪಿಗೆ
ಇಲ್ಲಿ ಒಂದು ತಕರಾರು ಇದೆ. ನಮ್ಮ ಕಡೆ ರೀಲನ್ನು ಡೌನ್‌ಲೋಡ್ ಮಾಡಿ ವಾಟ್ಸಾಪ್ ಗುಂಪಿಗೆ, ಸ್ಟೇಟಸ್ಸಿಗೆ ಹಾಕೋರು ತುಂಬಾ. ಆಗ ಕ್ಯಾಪ್ಷನ್ ಹಿಂದೆ ಬರಲ್ಲ, ವಿಡಿಯೋ ಮಾತ್ರ ಬರುತ್ತೆ. ಸಮಯ, ಫೋನ್ ನಂಬರ್ ಎಲ್ಲ ಕ್ಯಾಪ್ಷನಲ್ಲಿ ಇಟ್ಟರೆ ಆ ಜನಕ್ಕೆ ಏನೂ ಸಿಗಲ್ಲ.

ಅಕ್ಷರಮನೆ
ಒಳ್ಳೆ ಮಾತು. ಹಾಗಾದ್ರೆ ಬದಲಾಗದ್ದು ವಿಡಿಯೋದಲ್ಲಿ, ಬದಲಾಗೋದು ಕ್ಯಾಪ್ಷನಲ್ಲಿ ಅಂತ ಭಾಗ ಮಾಡಿ. ಹೆಸರು, ರಸ್ತೆ, ಊರು, ಫೋನ್ ಕೊನೆಯ 4 ಸೆಕೆಂಡಲ್ಲಿ. ಪತ್ರೊಡೆ ಮಳೆಗಾಲ ಪೂರ್ತಿ ದಿನಾ 4ಕ್ಕೇ ಆಗೋದು ಖಾತ್ರಿ ಇದ್ರೆ "ಸಂಜೆ 4ರಿಂದ" ಅನ್ನೋದೂ ಅಲ್ಲೇ ಬರ್ಲಿ. ರೇಟು ಬೇಡ.

ಶೆಟ್ಟರಂಗಡಿ
ರೇಟು ವಿಡಿಯೋದಲ್ಲೇ ಬೇಕು ಅಂತ ನಾನು. ರೇಟು ಕಾಣದಿದ್ರೆ ಜನ ದುಬಾರಿ ಅಂದ್ಕೋತಾರೆ. ಎರಡು ತಿಂಗಳ ಮೆನು, ರೇಟು ಬದಲಾಯಿಸದೆ ಇದ್ರಾಯ್ತು.

ಒಲೆಮುಂದೆ
ಕಾಯಿ ರೇಟು ಎರಡು ತಿಂಗಳು ಒಂದೇ ಇರುತ್ತೆ ಅಂತ ಯಾರು ಹೇಳ್ತಾರೆ ಅಕ್ಕಾ. ಪತ್ರೊಡೆಗೆ ಕಾಯಿ ಬೇಕೇ ಬೇಕು.

ಮಲೆಕ್ಯಾಮೆರಾ
ಸದ್ದಿನ ಬಗ್ಗೆ: ತಗಡಿನ ಮೇಲಿನ ಮಳೆ ಫೋನ್ ಸ್ಪೀಕರಲ್ಲಿ ಬರೀ ಕರಕರ ಗದ್ದಲ. ಕಾವಲಿಯ ಚುರ್ ಸದ್ದೂ ಅದೇ ಥರ ಕೇಳುತ್ತೆ. ಎರಡೂ ಒಟ್ಟಿಗೆ ಇದ್ರೆ ಯಾವುದು ಯಾವುದು ಗೊತ್ತಾಗಲ್ಲ. ಮಳೆ ಬಿಟ್ಟ ಹೊತ್ತಲ್ಲಿ ಕಾವಲಿ ಶಾಟ್ ಇನ್ನೊಂದು ಸಲ ತೆಗೀರಿ, ಫೋನನ್ನು ಒಂದು ಅಡಿ ಹತ್ತಿರ ಹಿಡಿದು. ಹಬೆ ಕಾಣಬೇಕಂದ್ರೆ ಹಿಂದೆ ಕಪ್ಪು ಗೋಡೆ, ಬೆಳಕು ಪಕ್ಕದಿಂದ ಅಥವಾ ಹಿಂದಿನಿಂದ. ಎದುರಿಂದ ಟ್ಯೂಬ್‌ಲೈಟ್ ಬಿದ್ರೆ ಹಬೆಯೇ ಇಲ್ಲದ ಹಾಗೆ ಕಾಣುತ್ತೆ.

ಕಾಫಿಗಿಡ
ಬೆಂಗಳೂರಿನವರಿಗೆ ಇಂಗ್ಲಿಷಲ್ಲಿ ಒಂದು ಸಾಲು ಹಾಕಬೇಕಲ್ಲ? ಅರ್ಧ ಜನಕ್ಕೆ ಕನ್ನಡ ಓದೋಕೆ ಬರಲ್ಲ.

ಲಿಪಿಕಾರ
ಒಂದೇ ಪರದೆಯಲ್ಲಿ ಎರಡು ಲಿಪಿ ಹಾಕಿದ್ರೆ ಎರಡನ್ನೂ ಓದೋ ಹೊತ್ತಿಗೆ ಶಾಟ್ ಮುಗಿಯುತ್ತೆ. ಈ ರೀಲ್ ಊರಿನವರಿಗೆ, ಕನ್ನಡ ಸಾಕು.

ಕಾಫಿಗಿಡ
ಊರಲ್ಲೂ ಕಾಲೇಜು ಮಕ್ಕಳು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಓದೋದು. ಒಪ್ಪಲ್ಲ ನಾನು.

ಗದ್ದೆಬದು
ಹಾಕಿದ ಮೇಲೆ ಸರಿಯಾಯ್ತಾ ಇಲ್ವಾ ಅಂತ ಹೇಗೆ ಗೊತ್ತಾಗೋದು? ವ್ಯೂಸ್ ನೋಡೋದಾ?

ಅಕ್ಷರಮನೆ
ವ್ಯೂಸ್ ಒಂದರಿಂದ ಗೊತ್ತಾಗಲ್ಲ. ಇನ್‌ಸೈಟ್ಸಲ್ಲಿ ಎಷ್ಟು ಜನ ಎಲ್ಲಿವರೆಗೆ ನೋಡಿದ್ರು ಅನ್ನೋ ಗೆರೆ ಇರುತ್ತೆ. ಮೊದಲ 3 ಸೆಕೆಂಡಲ್ಲೇ ಗೆರೆ ಕೆಳಗೆ ಬಿದ್ರೆ ಹುಕ್ ಅಥವಾ ಮೊದಲ ಶಾಟ್ ಸರಿಯಿಲ್ಲ. 6ರ ಹತ್ತಿರ ಬಿದ್ರೆ ಉತ್ತರ ತಡವಾಯ್ತು, ಹುಣಸೆ ಶಾಟನ್ನು ಒಂದೂವರೆ ಸೆಕೆಂಡಿಗೆ ಕತ್ತರಿಸಿ. ಕೊನೆಯಲ್ಲಿ ಬಿದ್ರೆ ಚಿಂತೆ ಬೇಡ, ವಿಳಾಸ ಬೇಡದವರು ಹೋದರು. ಊರಿನ ಹೋಟೆಲಿಗೆ ಲೈಕಿಗಿಂತ ಶೇರ್ ಮತ್ತು ಸೇವ್ ನೋಡಿ, "ಹೋಗೋಣ್ವಾ" ಅಂತ ಗೆಳೆಯರಿಗೆ ಕಳಿಸೋದು ಶೇರ್‌ನಲ್ಲೇ ಕಾಣೋದು. ಯಾವ ಊರಿನವರು ನೋಡಿದ್ರು ಅನ್ನೋದೂ ಸಿಗುತ್ತೆ. ಬೆಂಗಳೂರೇ ಹೆಚ್ಚಿದ್ರೆ ವಾರದ ದಿನದ ಟೇಬಲ್ ತುಂಬಲ್ಲ.

ರೀಲ್‌ರಾಜ_ಭದ್ರಾವತಿ
ಎರಡು ಹುಕ್ ಮಾಡಿ ಎರಡೂ ಹಾಕಿ ನೋಡಬಹುದಲ್ಲ? ಅದೇ ವಿಡಿಯೋ, ಮೊದಲ ಸಾಲು ಮಾತ್ರ ಬೇರೆ.

ಅಕ್ಷರಮನೆ
ನೋಡಬಹುದು. ಆದರೆ ಸಾಲು ಬದಲಾಯಿಸೋವಾಗ ಶಾಟ್ ಬದಲಾಯಿಸಬೇಡಿ, ವಾರದ ಅದೇ ದಿನ ಅದೇ ಹೊತ್ತಿಗೆ ಹಾಕಿ. ಇಲ್ಲಾಂದ್ರೆ ಗೆದ್ದದ್ದು ಸಾಲೋ, ಭಾನುವಾರವೋ ಅಂತ ತಿಳಿಯಲ್ಲ. ಎರಡನೇದಕ್ಕೆ "ಈ ಪತ್ರೊಡೆ ಮುಕ್ಕಾಲು ಗಂಟೆ ಹಬೆಯಲ್ಲಿತ್ತು" ಇಟ್ಟು ನೋಡಿ. ಶೆಟ್ಟರಂಗಡಿಯವರ ಅನುಮಾನ ಸರಿಯಾ ಅಂತ ಆಗ ಗೊತ್ತಾಗುತ್ತೆ.

ಶೆಟ್ಟರಂಗಡಿ
ಅದೇ ಗೆಲ್ಲುತ್ತೆ, ಬರೆದಿಟ್ಕೊಳ್ಳಿ.

ತುಂಗಾತೀರ
ನಾಳೆ ಹುಣಸೆ ಶಾಟ್, ಕಾವಲಿ ಶಾಟ್ ತೆಗೀತೇನೆ. ಮಾಲೀಕರು ಕೈ ಮುಗಿಯೋ ಶಾಟ್ ಬಿಡೋಕೆ ಒಪ್ತಿಲ್ಲ, ಅದೊಂದು ಎಲ್ಲಿ ಸೇರಿಸಲಿ?

ಮಲೆಕ್ಯಾಮೆರಾ
ಕೊನೆಯ 4 ಸೆಕೆಂಡಲ್ಲಿ ಅವರೇ ತಟ್ಟೆ ತಂದು ಟೇಬಲ್ ಮೇಲೆ ಇಡ್ಲಿ. ಹೆಸರು, ರಸ್ತೆ ಅದರ ಮೇಲೇ ಬರುತ್ತೆ. ಮಾತು ಬೇಡ.